ಸಂಪಾದನೆ ಡಿಸೆಂಬರ್‌ನಲ್ಲಿ, ಖರ್ಚು ಜುಲೈನಲ್ಲೂ: ಕಾಫಿ ಸೀಮೆಯ ಕೂಲಿ ಮನೆಯ ವರ್ಷದ ಲೆಕ್ಕ

2025ರ ಡಿಸೆಂಬರ್‌ನಲ್ಲಿ ಸಂಸತ್ತು ಉದ್ಯೋಗ ಖಾತ್ರಿಗೆ ಹೊಸ ಕಾನೂನು ಒಪ್ಪಿತು. ನರೇಗಾ ಜಾಗಕ್ಕೆ ಬಂದ ಈ ಕಾನೂನಿನಲ್ಲಿ 100 ದಿನದ ಕೆಲಸ 125 ದಿನ ಆಗಿದೆ. ಅದೇ ಕಾನೂನಿನಲ್ಲಿ ಇನ್ನೊಂದು ಮಾತೂ ಇದೆ: ಬಿತ್ತನೆ ಮತ್ತು ಕೊಯ್ಲು ಜೋರಾಗಿರುವ ಕಾಲದಲ್ಲಿ, ವರ್ಷಕ್ಕೆ ಒಟ್ಟು 60 ದಿನ, ಈ ಕೆಲಸ ನಿಲ್ಲಿಸಬೇಕು.

ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ದಿನಗೂಲಿ ಮೇಲೆ ಬದುಕುವ ಮನೆಗಳಿಗೆ ಇದು ಗೊಂದಲದ ಸುದ್ದಿ. 25 ದಿನ ಜಾಸ್ತಿ ಸಿಕ್ಕಿದರೆ ಆದಾಯ ಏರಬೇಕು. ಎರಡು ತಿಂಗಳು ಕೆಲಸ ಮುಚ್ಚಿದರೆ ಆದಾಯ ಇಳಿಯಬೇಕು. ಎರಡರಲ್ಲಿ ಯಾವುದು ಸರಿ? ಈ ಪ್ರಶ್ನೆಗೆ ವರ್ಷದ ಒಟ್ಟು ದಿನ ಎಣಿಸಿದರೆ ಉತ್ತರ ಸಿಗುವುದಿಲ್ಲ. ಕೆಲಸ ಯಾವ ತಿಂಗಳಲ್ಲಿ ಸಿಗುತ್ತದೆ ಎಂದು ನೋಡಬೇಕು. ಅದನ್ನು ತಿಳಿಯಲು ಮೊದಲು ಕಾಫಿ ಸೀಮೆಯ ಒಂದು ಮನೆಯ ವರ್ಷದ ಲೆಕ್ಕವನ್ನೇ ಬಿಡಿಸಿ ನೋಡಬೇಕಾಗುತ್ತದೆ.

ಕಾನೂನಿನ ಸುತ್ತ ಇರುವ ವಾದಗಳು

ನರೇಗಾ ಕಾನೂನು 2005ರಲ್ಲಿ ಬಂತು. ಕೆಲಸ ಕೇಳಿದ ಹಳ್ಳಿ ಮನೆಗೆ ವರ್ಷಕ್ಕೆ 100 ದಿನ ಕೆಲಸ ಕೊಡಬೇಕು ಎಂಬುದು ಅದರ ತಿರುಳು. ಹೊಸ ಕಾನೂನಿನ ಹೆಸರು ಉದ್ದ: ವಿಕಸಿತ್ ಭಾರತ್ ಗ್ಯಾರಂಟಿ ಫಾರ್ ರೋಜ್‌ಗಾರ್ ಅಂಡ್ ಆಜೀವಿಕಾ ಮಿಷನ್ (ಗ್ರಾಮೀಣ್). ಇದರಲ್ಲಿ ಬಹಳ ಜನ ತಪ್ಪು ತಿಳಿಯುವ ವಿಷಯ ಒಂದಿದೆ. 125 ದಿನ ಅನ್ನುವುದು ಇಡೀ ಮನೆಗೆ, ತಲೆಗೆ ಇಷ್ಟು ಅಂತ ಅಲ್ಲ. ಗಂಡ ಹೆಂಡತಿ ಇಬ್ಬರೂ ಹೋದರೆ ಒಂದೇ ದಿನದಲ್ಲಿ ಎರಡು ದಿನದ ಲೆಕ್ಕ ಮುಗಿಯುತ್ತದೆ.

ಕೇಂದ್ರ ಸರ್ಕಾರದ ವಾದ ಹೀಗಿದೆ: ದಿನಗಳು ಜಾಸ್ತಿಯಾಗಿವೆ, ಕೂಲಿ ವಾರಕ್ಕೊಮ್ಮೆ ಕೈಗೆ ಬರಬೇಕು, 60 ದಿನದ ಬಿಡುವಿನಿಂದ ರೈತರಿಗೆ ಆಳು ಸಿಗುತ್ತಾರೆ. ಕಾಫಿ ಬೆಳೆಗಾರರಿಗೆ ಈ ಕೊನೆಯ ಮಾತು ಹಿಡಿಸುವಂಥದ್ದು. ಕೊಯ್ಲಿನ ಹೊತ್ತಿಗೆ ಆಳು ಸಿಗದೆ ಹಣ್ಣು ಗಿಡದಲ್ಲೇ ಒಣಗುವ ಕಷ್ಟ ಅವರಿಗೆ ನಿಜವಾಗಿಯೂ ಇದೆ.

ವಿರೋಧಿಸುವವರ ವಾದವೂ ಗಟ್ಟಿಯಾಗಿದೆ, ಕರ್ನಾಟಕ ಸರ್ಕಾರವೂ ಅವರಲ್ಲಿ ಒಂದು. ಮೊದಲು ಕೂಲಿಯ ಹಣವನ್ನು ಕೇಂದ್ರವೇ ಕೊಡುತ್ತಿತ್ತು. ಈಗ ಹೆಚ್ಚಿನ ರಾಜ್ಯಗಳು ಒಟ್ಟು ಖರ್ಚಿನಲ್ಲಿ ನೂರಕ್ಕೆ 40 ಪಾಲು ಹಾಕಬೇಕು. ರಾಜ್ಯದ ಪಾಲು ತಡವಾದರೆ ಕೂಲಿಯೂ ತಡವಾಗಬಹುದು. ಜೊತೆಗೆ, ಬೇರೆ ಕೆಲಸ ಇದೆ ಅನ್ನುವ ಧೈರ್ಯ ಇದ್ದಾಗಲೇ ಕೂಲಿಯವರು ತೋಟದಲ್ಲಿ ಒಳ್ಳೆ ದರ ಕೇಳಲು ಆಗುವುದು. ಆ ಬಾಗಿಲು 60 ದಿನ ಮುಚ್ಚಿದರೆ ಕೇಳುವ ಬಲವೂ ಕುಗ್ಗುತ್ತದೆ.

ಈ ಎಲ್ಲ ವಾದ ದೇಶದ ಮಟ್ಟದ್ದು. ಮನೆ ಮಟ್ಟದಲ್ಲಿ ಚಿತ್ರ ಬೇರೆ.

ಮನೆಯ ವರ್ಷ ಡಿಸೆಂಬರ್‌ನಲ್ಲಿ ಶುರುವಾಗುತ್ತದೆ

ಸಂಬಳದವರ ಲೆಕ್ಕ ತಿಂಗಳಿಗೆ ಹುಟ್ಟಿ ತಿಂಗಳಿಗೆ ಮುಗಿಯುತ್ತದೆ. ಕಾಫಿ ತೋಟದ ಹೊರ ಕೂಲಿಯವರ ಲೆಕ್ಕ ಹಾಗಲ್ಲ. ಹೊರ ಕೂಲಿ ಅಂದರೆ ಲೈನ್ ಮನೆಯಲ್ಲಿ ಇರದೆ, ಊರಿನಿಂದ ಜೀಪಿನಲ್ಲೋ ನಡೆದೋ ಕೆಲಸ ಇದ್ದ ತೋಟಕ್ಕೆ ಹೋಗುವವರು. ಎಸ್ಟೇಟಿನ ಕಾಯಂ ಕೆಲಸಗಾರರಿಗೆ ಮನೆ, ಪಿಎಫ್, ಬೋನಸ್ ಎಂದು ಬೇರೆ ಆಸರೆ ಇರುತ್ತದೆ. ಈ ಲೇಖನದ ಲೆಕ್ಕ ಹೊರ ಕೂಲಿಯವರದ್ದು.

ಅರೇಬಿಕಾ ಹಣ್ಣಾಗುವುದು ಹೆಚ್ಚಾಗಿ ನವೆಂಬರ್‌ನಿಂದ ಜನವರಿಯೊಳಗೆ. ಜನವರಿಯಿಂದ ಮಾರ್ಚ್‌ವರೆಗೆ ರೊಬಸ್ಟಾ. ಈ ಕಾಲದಲ್ಲಿ ಕೂಲಿ ಕೆಜಿ ಲೆಕ್ಕದಲ್ಲಿ. ಸಂಜೆ ಚೀಲ ಹೊತ್ತು ತಂದು ತೂಕಕ್ಕೆ ಇಡುತ್ತಾರೆ, ರೈಟರ್ ಪುಸ್ತಕದಲ್ಲಿ ಹೆಸರಿನ ಮುಂದೆ ಕೆಜಿ ಬರೆಯುತ್ತಾರೆ, ವಾರದ ಕೊನೆಗೆ ಬಟವಾಡೆ. ಕೈ ಚುರುಕಾಗಿರುವವರಿಗೆ ವರ್ಷದಲ್ಲೇ ಒಳ್ಳೆ ದುಡ್ಡು ಸಿಗುವುದು ಆಗಲೇ.

ಕೊಯ್ಲು ಮುಗಿದ ಮೇಲೆ ಕೂಲಿ ಹಾಜರಿ ಲೆಕ್ಕಕ್ಕೆ ಇಳಿಯುತ್ತದೆ. ಮೆಣಸು ಕೊಯ್ಲು, ಮರಗಸಿ, ಗೊಬ್ಬರ, ಕಳೆ. ಆಮೇಲೆ ಜೂನ್. ಪಶ್ಚಿಮ ಘಟ್ಟದ ಮಳೆ ಹಿಡಿದುಕೊಂಡರೆ ದಿನಗಟ್ಟಲೆ ತೋಟಕ್ಕೆ ಕಾಲಿಡಲು ಆಗುವುದಿಲ್ಲ. ಜುಲೈನಲ್ಲಿ ವಾರಕ್ಕೆ ಎರಡು ದಿನ ಹಾಜರಿ ಸಿಕ್ಕಿದರೆ ಅದೇ ಪುಣ್ಯ. ಸೆಪ್ಟೆಂಬರ್ ಹೊತ್ತಿಗೆ ಮಳೆ ಬಿಟ್ಟು ಚಿಗುರು ತೆಗೆಯುವುದು, ಗೊಬ್ಬರ ಹಾಕುವುದು ಶುರುವಾಗುತ್ತದೆ. ಕೊಪ್ಪ, ಶೃಂಗೇರಿ ಕಡೆ ಅಡಿಕೆ ಸುಲಿಯುವ ಕೆಲಸ ಸಿಗುತ್ತದೆ.

ಅಂದರೆ ದುಡ್ಡು ಮೊದಲು ಬಂದು, ಬರಗಾಲ ಆಮೇಲೆ ಬರುವ ವರ್ಷ ಇದು. ಹಾಗಾಗಿ ಈ ಮನೆಯ ಲೆಕ್ಕವನ್ನು ಜನವರಿಯಿಂದಲೂ ಹಾಕಬಾರದು, ಏಪ್ರಿಲ್‌ನಿಂದಲೂ ಹಾಕಬಾರದು. ಡಿಸೆಂಬರ್‌ನಿಂದ ಹಾಕಬೇಕು.

ಒಂದು ಮನೆಯನ್ನು ತೆಗೆದುಕೊಳ್ಳೋಣ

ಗಂಡ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಇಲ್ಲಿನ ದರಗಳು ಲೆಕ್ಕಕ್ಕೆಂದು ಹಿಡಿದವು. ನಿಮ್ಮ ತೋಟದ ದರ ಹಾಕಿಕೊಂಡು ಇದೇ ಲೆಕ್ಕವನ್ನು ಮತ್ತೆ ಮಾಡಬಹುದು.

ಡಿಸೆಂಬರ್, ಜನವರಿ, ಫೆಬ್ರವರಿ: ಕೆಜಿಗೆ 5 ರೂಪಾಯಿಯಂತೆ ದಿನಕ್ಕೆ 120 ಕೆಜಿ ಕೊಯ್ದರೆ ಒಬ್ಬರಿಗೆ 600 ರೂ. ತಿಂಗಳಿಗೆ 24 ದಿನ, ಇಬ್ಬರು. ಮೂರು ತಿಂಗಳಿಗೆ 86,400 ರೂ.

ಮಾರ್ಚ್, ಏಪ್ರಿಲ್, ಮೇ: ಇಬ್ಬರ ಹಾಜರಿ ಸೇರಿ ದಿನಕ್ಕೆ 1,000 ರೂ., ತಿಂಗಳಿಗೆ 18 ದಿನ. ಒಟ್ಟು 54,000 ರೂ.

ಜೂನ್, ಜುಲೈ, ಆಗಸ್ಟ್: ತಿಂಗಳಿಗೆ 8 ದಿನ. ಒಟ್ಟು 24,000 ರೂ.

ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್: ತಿಂಗಳಿಗೆ 16 ದಿನ. ಒಟ್ಟು 48,000 ರೂ.

ವರ್ಷಕ್ಕೆ 2,12,400 ರೂ. ತಿಂಗಳಿಗೆ ಹಂಚಿದರೆ 17,700 ರೂ.

ಈಗ ಖರ್ಚು. ರೇಷನ್ ಬಿಟ್ಟು ಉಳಿದ ಅಡುಗೆ ಸಾಮಾನು, ಗ್ಯಾಸ್, ಓಡಾಟ, ಮೊಬೈಲ್, ಸಣ್ಣಪುಟ್ಟ ಔಷಧಿ ಎಲ್ಲ ಸೇರಿ ತಿಂಗಳಿಗೆ 11,500 ರೂ. ಸಂಘದ ಸಾಲಕ್ಕೆ ವಾರಕ್ಕೆ 900 ರೂ. ಕಂತು. ಮೇ ತಿಂಗಳಲ್ಲಿ ಮಳೆಗೆ ಮುಂಚೆ ಮಾಡಿನ ರಿಪೇರಿ, ಟಾರ್ಪಾಲು ಅಂತ 5,000. ಜೂನ್‌ನಲ್ಲಿ ನೋಟ್‌ಬುಕ್, ಬ್ಯಾಗು, ಕೊಡೆ, ರೇನ್‌ಕೋಟು ಅಂತ 8,000. ಗೌರಿ ಗಣೇಶ, ದೀಪಾವಳಿಗೆ 7,000. ಆಸ್ಪತ್ರೆಗೆ ವರ್ಷದಲ್ಲಿ 6,000. ಎಲ್ಲ ಕೂಡಿದರೆ 2,10,800 ರೂ.

ವರ್ಷದ ಕೊನೆಗೆ 1,600 ರೂ. ಉಳಿಯುತ್ತದೆ. ಕಾಗದದ ಮೇಲೆ ಈ ಮನೆ ಸಾಲ ಮಾಡಬೇಕಾಗಿಯೇ ಇಲ್ಲ. ಆದರೂ ಇಂಥ ಎಷ್ಟೋ ಮನೆ ಪ್ರತಿ ಜುಲೈನಲ್ಲಿ ಸಾಲ ಮಾಡುತ್ತವೆ. ಯಾಕೆ?

ಮಳೆಗಾಲದ ಮೂರು ತಿಂಗಳನ್ನು ಮಾತ್ರ ಬೇರೆ ತೆಗೆದು ನೋಡಿದರೆ ಗೊತ್ತಾಗುತ್ತದೆ. ಬರುವುದು 24,000. ಹೋಗುವುದು ಮನೆ ಖರ್ಚು 34,500, ಹದಿಮೂರು ವಾರದ ಕಂತು 11,700, ಶಾಲೆ ಖರ್ಚು 8,000, ಒಟ್ಟು 54,200. ಕೊರತೆ 30,200 ರೂ. ಅದಾದ ಮೇಲಿನ ಮೂರು ತಿಂಗಳಲ್ಲೂ ಹಬ್ಬ ಸೇರಿ 5,200 ರೂ. ಕೊರತೆ ಇದೆ. ಆಸ್ಪತ್ರೆಯ 6,000 ಸೇರಿಸಿದರೆ, ಮೇ ಕೊನೆಗೆ ಕೈಯಲ್ಲಿ 41,400 ರೂ. ಇರಲೇಬೇಕು.

ಇದನ್ನು ಮಳೆಗಾಲದ ಗಂಟು ಅಂತ ಕರೆಯೋಣ. ಇದು ಉಳಿತಾಯ ಅಲ್ಲ ಅನ್ನುವುದನ್ನು ಗಮನಿಸಬೇಕು. ಉಳಿತಾಯ ಅಂದರೆ ಖರ್ಚು ಕಳೆದು ಮಿಕ್ಕಿದ್ದು. ಇದು ಆಗಲೇ ಖರ್ಚಾಗಿ ಹೋಗಿರುವ ದುಡ್ಡು, ಖರ್ಚಿನ ದಿನ ಮಾತ್ರ ಇನ್ನೂ ಬಂದಿಲ್ಲ.

ಬಟವಾಡೆಯಲ್ಲಿ ಸುಮಾರು ಅರ್ಧ ಜುಲೈ ತಿಂಗಳದ್ದು

ಆ ಗಂಟು ಎಲ್ಲಿಂದ ಬರಬೇಕು? ಮಾರ್ಚ್‌ನಿಂದ ಮೇವರೆಗೆ ಈ ಮನೆಯಲ್ಲಿ ಮಿಗುವುದು ಬರೀ 2,800 ರೂ. ಉಳಿದ 38,600 ರೂ. ಕೊಯ್ಲಿನ ಮೂರು ತಿಂಗಳಲ್ಲೇ ಸೇರಬೇಕು. ಆ ಮೂರು ತಿಂಗಳಲ್ಲಿ ಮಿಗುವುದು 40,200 ರೂ.

ವಾರದ ಲೆಕ್ಕಕ್ಕೆ ಇಳಿಸೋಣ, ಯಾಕೆಂದರೆ ದುಡ್ಡು ಕೈಗೆ ಬರುವುದು ವಾರಕ್ಕೊಮ್ಮೆ. ಕೊಯ್ಲಿನಲ್ಲಿ ಈ ಮನೆಗೆ ವಾರಕ್ಕೆ ಸುಮಾರು 6,650 ರೂ. ಬರುತ್ತದೆ. ಮನೆ ಖರ್ಚು, ಕಂತು ಸೇರಿ ಸುಮಾರು 3,550 ಬೇಕು. ಮಿಕ್ಕ 3,100 ರೂ. ಜೂನ್‌ನಿಂದ ನವೆಂಬರ್‌ವರೆಗಿನದು. ಹತ್ತಿರ ಹತ್ತಿರ ಅರ್ಧ.

ತೊಂದರೆ ಶುರುವಾಗುವುದು ಇಲ್ಲೇ. ಬಟವಾಡೆಯ ಮರುದಿನ ಸಂತೆ. ಎಂಟು ತಿಂಗಳು ಬಿಗಿ ಹಿಡಿದಿದ್ದ ಕೈ ಅಂದು ಸಡಿಲವಾಗುತ್ತದೆ. ಮೀನು, ಮಾಂಸ, ಮಕ್ಕಳಿಗೆ ಬಟ್ಟೆ, ಹೊಸ ಮೊಬೈಲಿಗೆ ಮುಂಗಡ. ಇದನ್ನು ದುಂದುಗಾರಿಕೆ ಅಂತ ಬೈಯುವುದು ತಪ್ಪು. ವರ್ಷವಿಡೀ ಬೇಕು ಅನಿಸಿದ್ದನ್ನು ಕೊಳ್ಳಲು ಅವರಿಗೆ ಸಿಗುವ ಹೊತ್ತೇ ಅದು. ಕೈಯಲ್ಲಿರುವ 6,650 ಪೂರ್ತಿ ಈ ವಾರದ್ದು ಅಂತ ಕಾಣುತ್ತದೆ, ಅಷ್ಟೇ. ಆ ನೋಟುಗಳ ಮೇಲೆ ಜುಲೈ ಅಂತ ಬರೆದಿರುವುದಿಲ್ಲ.

ಅದಕ್ಕೇ ಬೇರೆ ಮಾಡುವ ಕೆಲಸ ಸಂತೆಗೆ ಹೋಗುವ ಮುಂಚೆ ಆಗಬೇಕು, ಸಂತೆಯಿಂದ ಬಂದ ಮೇಲೆ ಅಲ್ಲ. ಅದಕ್ಕೆ ಒಂದು ಸಣ್ಣ ನೋಟ್‌ಬುಕ್ ಸಾಕು. ಒಂದು ಪುಟದಲ್ಲಿ ವಾರದ ಕೆಜಿ ಮತ್ತು ಬಂದ ದುಡ್ಡು, ಎದುರು ಪುಟದಲ್ಲಿ ಗಂಟಿಗೆ ಹೋದದ್ದು. ಮನೆ ಖರ್ಚನ್ನು ಐಟಂ ಪ್ರಕಾರ ಬರೆಯಲೇಬೇಕು ಅಂತಿಲ್ಲ. ದಿನವಿಡೀ ದುಡಿದು ಬಂದವರು ಸೊಪ್ಪಿಗೆ ಇಷ್ಟು, ಉಪ್ಪಿಗೆ ಇಷ್ಟು ಅಂತ ಬರೆಯಲು ಕೂತರೆ ಎರಡು ವಾರದಲ್ಲಿ ಪುಸ್ತಕ ಮೂಲೆ ಸೇರುತ್ತದೆ.

ಈ ಪುಸ್ತಕದ ಎಡ ಪುಟಕ್ಕೆ ಇನ್ನೊಂದು ಉಪಯೋಗ ಇದೆ. ಕೊಯ್ಲು ಯಾವಾಗ ಮುಗಿಯುತ್ತದೆ ಅನ್ನುವುದನ್ನು ಅದು ಮುಂಚೆಯೇ ಹೇಳುತ್ತದೆ. ಗಿಡ ತುಂಬ ಹಣ್ಣಿದ್ದಾಗ ದಿನಕ್ಕೆ 120 ಕೆಜಿ ಬರುತ್ತದೆ. ಕೊನೆಯ ಸುತ್ತಿನಲ್ಲಿ ಅಲ್ಲೊಂದು ಇಲ್ಲೊಂದು ಹಣ್ಣು, ನೆಲಕ್ಕೆ ಉದುರಿದ್ದನ್ನು ಆಯುವುದು. ಅದೇ ಎಂಟು ಗಂಟೆಗೆ 60, 70 ಕೆಜಿ. ಎರಡು ವಾರ ಹೀಗೆ ತೂಕ ಇಳಿಯುತ್ತಾ ಬಂದರೆ ಸೀಸನ್ ಮುಗಿಯುತ್ತಾ ಬಂತು ಅಂತ ಅರ್ಥ. ಆಮೇಲೆ ಕಂತಿನ ಮೇಲೆ ಏನನ್ನೂ ಕೊಳ್ಳಬಾರದು.

ಜನವರಿಯಲ್ಲಿ ಅಕಾಲ ಮಳೆ ಬಂದರೂ ಹಾಗೆಯೇ. ಆರು ದಿನ ಕೆಲಸ ತಪ್ಪಿದರೆ ಈ ಮನೆಗೆ 7,200 ರೂ. ಹೋಯಿತು. ಹೆಚ್ಚುಕಡಿಮೆ ಇಡೀ ಹಬ್ಬದ ಖರ್ಚು. ಹಬ್ಬ ಚಿಕ್ಕದು ಮಾಡೋಣ ಅನ್ನುವ ತೀರ್ಮಾನ ಫೆಬ್ರವರಿಯಲ್ಲೇ ಆದರೆ ಗಂಟು ಉಳಿಯುತ್ತದೆ. ಅಕ್ಟೋಬರ್‌ವರೆಗೆ ಬಿಟ್ಟರೆ, ಆ ದುಡ್ಡು ಅಷ್ಟರಲ್ಲಿ ಇರುವುದೇ ಇಲ್ಲ.

ಗಂಟನ್ನು ಎಲ್ಲಿ ಇಡುವುದು

ತಿಂಗಳಿಗಿಷ್ಟು ಕಟ್ಟುವ ಆರ್‌ಡಿ ಮಾಡಿ ಅಂತ ಸಾಮಾನ್ಯವಾಗಿ ಸಲಹೆ ಕೊಡುತ್ತಾರೆ. ಸಂಬಳದವರಿಗೆ ಒಳ್ಳೆಯದು, ಈ ಮನೆಗೆ ಹೊಂದುವುದಿಲ್ಲ. ಅಂಚೆ ಕಚೇರಿಯ ಆರ್‌ಡಿ ಐದು ವರ್ಷದ್ದು, ತಿಂಗಳು ತಿಂಗಳು ಒಂದೇ ಮೊತ್ತ ಕಟ್ಟಬೇಕು. ತಪ್ಪಿದರೆ ದಂಡ, ನಾಲ್ಕು ಕಂತು ತಪ್ಪಿದರೆ ಖಾತೆ ನಿಂತುಹೋಗುತ್ತದೆ. ಜೂನ್, ಜುಲೈ, ಆಗಸ್ಟ್ ತಪ್ಪುವುದು ಖಚಿತವಾಗಿರುವ ಮನೆಗೆ ಇದು ಇನ್ನೊಂದು ತಲೆನೋವು. ವಾರದ ಚೀಟಿಗೂ ಇದೇ ತೊಂದರೆ. ಮಳೆಗಾಲದಲ್ಲಿ ಚೀಟಿ ಕಟ್ಟಲು ಸಾಲ ಮಾಡಬೇಕಾಗುತ್ತದೆ. ಜೊತೆಗೆ ಚೀಟಿ ನಡೆಸುವವರು ಓಡಿಹೋದರೆ ಕೇಳುವವರಿಲ್ಲ.

ಇದಕ್ಕಿಂತ ಸರಳ ದಾರಿ ಇದೆ. ಬಟವಾಡೆಯ 3,100 ರೂಪಾಯಿಯನ್ನು ವಾರ ವಾರ ಜನಧನ್ ಅಥವಾ ಬೇರೆ ಉಳಿತಾಯ ಖಾತೆಗೆ ಹಾಕಿ. ಜನಧನ್ ಖಾತೆಯಲ್ಲಿ ಇಷ್ಟು ಬಾಕಿ ಇರಲೇಬೇಕು ಅನ್ನುವ ಷರತ್ತಿಲ್ಲ. 10,000 ಸೇರಿದ ಕೂಡಲೇ ಅದನ್ನು ಬ್ಯಾಂಕಿನಲ್ಲಿ ಎಫ್‌ಡಿ ಮಾಡಿಸಿ, ಜೂನ್ 1ಕ್ಕೆ ಮುಗಿಯುವ ಹಾಗೆ ದಿನ ಕೇಳಿ ಹಾಕಿಸಿ. ಬ್ಯಾಂಕ್ ಎಫ್‌ಡಿ ವರ್ಷಗಟ್ಟಲೆಯೇ ಆಗಬೇಕು ಅಂತಿಲ್ಲ, ಕೆಲವು ತಿಂಗಳಿಗೂ ಆಗುತ್ತದೆ. ಎರಡನೆಯ 10,000 ಜುಲೈ 1ಕ್ಕೆ. ಮೂರನೆಯದು ಆಗಸ್ಟ್ 1ಕ್ಕೆ. ಉಳಿದ 13,000 ರೂ. ಖಾತೆಯಲ್ಲೇ ಇರಲಿ, ಅದು ಹಬ್ಬದ ತಿಂಗಳುಗಳಿಗೆ ಮತ್ತು ಆಸ್ಪತ್ರೆಗೆ.

ಹೀಗೆ ಮಾಡಿದರೆ ಮಳೆಗಾಲದಲ್ಲಿ ಪ್ರತಿ ತಿಂಗಳ ಒಂದನೇ ತಾರೀಖು ಸಂಬಳ ಬಂದ ಹಾಗೆ 10,000 ರೂ. ಬರುತ್ತದೆ. ಬಡ್ಡಿ ಎಷ್ಟು ಬಂತು ಅನ್ನುವುದು ಇಲ್ಲಿ ದೊಡ್ಡ ವಿಷಯ ಅಲ್ಲ. ದುಡ್ಡು ಜೂನ್‌ವರೆಗೆ ಕೈಗೆ ಸಿಗದೆ, ಜೂನ್‌ನಲ್ಲಿ ತಪ್ಪದೆ ಸಿಗುವುದೇ ಮುಖ್ಯ. ಅಷ್ಟರೊಳಗೆ ಯಾರಾದರೂ ಆಸ್ಪತ್ರೆ ಸೇರಿದರೆ ಒಂದು ಎಫ್‌ಡಿಯನ್ನು ಮುರಿಯಬಹುದು, ಬಡ್ಡಿ ಸ್ವಲ್ಪ ಕಡಿತವಾಗುತ್ತದೆ. ಮೂರು ತುಂಡು ಮಾಡಿದ್ದರಿಂದ ಉಳಿದ ಎರಡಕ್ಕೆ ಏನೂ ಆಗುವುದಿಲ್ಲ.

ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಮೇಲಿನ ಲೆಕ್ಕದಲ್ಲಿ ಬೇಕೆಂದೇ ಸೇರಿಸಿಲ್ಲ. ಆ ಕಂತು ತಿಂಗಳು ತಿಂಗಳು ಸರಿಯಾಗಿ ಬಾರದೆ, ಕೆಲವೊಮ್ಮೆ ತಡವಾಗಿ ಬರುವುದು ಎಲ್ಲರಿಗೂ ಗೊತ್ತಿರುವ ವಿಷಯ. ಬರುತ್ತದೆ ಅಂತ ನಂಬಿ ಅಂಗಡಿಯಲ್ಲಿ ಸಾಲ ಬರೆಸಿದರೆ ಸಿಕ್ಕಿಬೀಳುತ್ತೀರಿ. ಬಂದ ದಿನ ಅದನ್ನು ಗಂಟಿಗೆ ಸೇರಿಸಿದರೆ ಲೆಕ್ಕ ಗಟ್ಟಿಯಾಗುತ್ತದೆ.

ವಾರದ ಕಂತು ಮಳೆ ನೋಡುವುದಿಲ್ಲ

ಈ ಮನೆಯ ಖರ್ಚಿನಲ್ಲಿ ಒಂದು ಮಾತ್ರ ಜುಲೈನಲ್ಲಿ ಒಂಚೂರೂ ಬಗ್ಗುವುದಿಲ್ಲ. ಅದು ಸಂಘದ ಸಾಲದ, ಅಂದರೆ ಮೈಕ್ರೋಫೈನಾನ್ಸ್ ಕಂಪನಿಯ ಕಂತು. ಸೊಪ್ಪುಸದೆ ಹಿತ್ತಲಲ್ಲಿ ಸಿಗಬಹುದು, ಓಡಾಟ ಕಡಿಮೆ ಮಾಡಬಹುದು. 900 ರೂಪಾಯಿ 900 ರೂಪಾಯಿಯೇ.

ರಿಸರ್ವ್ ಬ್ಯಾಂಕ್ 2022ರಲ್ಲಿ ಈ ಸಾಲಗಳಿಗೆ ನಿಯಮ ಮಾಡಿತು. ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವ ಮನೆಗೆ ಅಡಮಾನ ಇಲ್ಲದೆ ಕೊಡುವ ಸಾಲ ಇದು. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು ಅಂತ ಮಿತಿ ಇದೆ. ಕೇಳಲು ಒಳ್ಳೆಯ ಮಿತಿ ಅನಿಸುತ್ತದೆ. ನಮ್ಮ ಮನೆಗೆ ಹಾಕಿ ನೋಡಿ. ವರ್ಷದ ಆದಾಯವನ್ನು ಹನ್ನೆರಡಕ್ಕೆ ಹಂಚಿದರೆ 17,700, ಅದರಲ್ಲಿ ಅರ್ಧ 8,850. ಅಂದರೆ ತಿಂಗಳಿಗೆ 8,850 ರೂ. ಕಂತು ಬರುವಷ್ಟು ಸಾಲ ಕೊಟ್ಟರೂ ನಿಯಮ ಮುರಿದಂತಾಗುವುದಿಲ್ಲ. ಆದರೆ ಜುಲೈನಲ್ಲಿ ಈ ಮನೆಯ ಇಡೀ ದುಡಿಮೆಯೇ 8,000!

ಎಷ್ಟು ಸಾಲ ತೆಗೆದುಕೊಳ್ಳಬಹುದು ಅನ್ನುವುದಕ್ಕೆ ಹಾಗಾಗಿ ಬೇರೆ ಅಳತೆ ಬೇಕು. ಜೂನ್‌ನಿಂದ ಆಗಸ್ಟ್‌ವರೆಗಿನ ಹದಿಮೂರು ಕಂತನ್ನು ಕೂಡಿ. ಆ ಮೊತ್ತ ಗಂಟಿನಲ್ಲಿ ಮುಂಚೆಯೇ ಇರಲು ಸಾಧ್ಯವೇ ಅಂತ ನೋಡಿ. ಸಾಧ್ಯ ಇಲ್ಲದಿದ್ದರೆ ಆ ಸಾಲ ಈ ಮನೆಗೆ ದೊಡ್ಡದಾಯಿತು, ಏಜೆಂಟರು ಕೊಡುತ್ತೇವೆ ಅಂದರೂ ಸರಿ.

ಅದೇ 2022ರ ನಿಯಮದಲ್ಲಿ ಕೂಲಿಯವರಿಗೆ ಉಪಯೋಗ ಆಗುವ ಮೂರು ಮಾತುಗಳಿವೆ, ಆದರೆ ಕೇಳುವವರು ಕಡಿಮೆ. ಒಂದು, ಕಂತು ವಾರಕ್ಕೋ, ಹದಿನೈದು ದಿನಕ್ಕೋ, ತಿಂಗಳಿಗೋ ಅನ್ನುವುದನ್ನು ಸಾಲ ಪಡೆಯುವವರ ಅನುಕೂಲ ನೋಡಿ ಹೊಂದಿಸಲು ಕಂಪನಿಗಳು ತಮ್ಮಲ್ಲಿ ನಿಯಮ ಮಾಡಿಟ್ಟುಕೊಂಡಿರಬೇಕು. ಎರಡು, ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ. ಮೂರು, ಕಂತು ತಡವಾದರೆ ದಂಡ ತಡವಾದ ಕಂತಿನ ಮೇಲೆ ಮಾತ್ರ, ಇಡೀ ಸಾಲದ ಮೇಲೆ ಅಲ್ಲ.

ಮೊದಲನೆಯದನ್ನು ಕೇಳಬೇಕಾದ್ದು ಸಹಿ ಹಾಕುವ ಮುಂಚೆ. ಸಹಿ ಆದ ಮೇಲೆ ವಾರದ ಕಂತಿನ ಕಾರ್ಡು ಬಂದುಬಿಡುತ್ತದೆ, ಗುಂಪಿನ ಉಳಿದವರೂ ಅದೇ ದಿನ ಕಟ್ಟುತ್ತಿರುತ್ತಾರೆ, ಒಬ್ಬರಿಗಾಗಿ ಬದಲಾಯಿಸುವುದು ಕಷ್ಟ. ಎರಡನೆಯದು ಫೆಬ್ರವರಿಗೆ ಸಂಬಂಧಿಸಿದ್ದು. ಕೊಯ್ಲಿನ ದುಡ್ಡಲ್ಲಿ ಸಾಲ ಮುಗಿಸಿಬಿಟ್ಟರೆ ಮಳೆಗಾಲದ ಹೊರೆ 11,700 ಕಡಿಮೆಯಾಗುತ್ತದೆ, ಬಡ್ಡಿಯೂ ಉಳಿಯುತ್ತದೆ. ಆದರೆ ಗಂಟನ್ನೆಲ್ಲ ಸುರಿದು ಸಾಲ ತೀರಿಸಿ, ಜೂನ್‌ನಲ್ಲಿ ಅಕ್ಕಿ ಬೇಳೆಗೆ ಹೊಸ ಸಾಲ ಮಾಡಿದರೆ ಏನೂ ಉಪಯೋಗವಾಗಲಿಲ್ಲ, ಅಲ್ವಾ? ಮೊದಲು ಮಳೆಗಾಲದ ಊಟದ ದುಡ್ಡು ಬೇರೆ ಇಟ್ಟು, ಆಮೇಲೆ ಮಿಕ್ಕಿದ್ದರಲ್ಲಿ ಸಾಲ ಮುಗಿಯುತ್ತದೆಯೇ ಅಂತ ನೋಡಬೇಕು.

ಬಡ್ಡಿ ಇಲ್ಲದ ಮುಂಗಡದ ಬೆಲೆ

ಮಳೆಗಾಲದಲ್ಲಿ ತೋಟದವರ ಹತ್ತಿರವೋ ಮೇಸ್ತ್ರಿ ಹತ್ತಿರವೋ ಮುಂಗಡ ತರುವುದು ಇಲ್ಲಿ ಹಳೆಯ ರೂಢಿ. ಕೊಯ್ಲಿನಲ್ಲಿ ವಾರ ವಾರ ಮುರಿದುಕೊಳ್ಳುತ್ತಾರೆ. ಬಡ್ಡಿ ಇಲ್ಲ. ಎಷ್ಟೋ ಸಲ ಕಷ್ಟಕ್ಕೆ ಆಗುವುದೂ ಅದೇ. ಆದರೆ ಮುಂಗಡ ತೆಗೆದುಕೊಂಡವರು ಕೊಯ್ಲಿಗೆ ಆ ತೋಟಕ್ಕೇ ಹೋಗಬೇಕು. ಅಲ್ಲಿಯೇ ಅದರ ಬೆಲೆ ಇರುವುದು.

ಜುಲೈನಲ್ಲಿ 10,000 ಮುಂಗಡ ತಂದಿದ್ದಾರೆ ಅಂದುಕೊಳ್ಳಿ. ಡಿಸೆಂಬರ್‌ನಲ್ಲಿ ಪಕ್ಕದ ತೋಟ ಆಳು ಸಾಲದೆ ಕೆಜಿಗೆ ಒಂದು ರೂಪಾಯಿ ಜಾಸ್ತಿ ಕೊಡುತ್ತಿದೆ. ದಿನಕ್ಕೆ 120 ಕೆಜಿ, ತಿಂಗಳಿಗೆ 24 ದಿನ. ಹೋಗಲಾಗದ್ದಕ್ಕೆ ಒಬ್ಬರಿಗೆ ಒಂದೇ ತಿಂಗಳಲ್ಲಿ 2,880 ರೂ. ತಪ್ಪಿತು. ಇಬ್ಬರೂ ಕಟ್ಟುಬಿದ್ದಿದ್ದರೆ ಅದರ ಎರಡರಷ್ಟು. 10,000ಕ್ಕೆ ಐದಾರು ತಿಂಗಳಿಗೆ ಕೊಡುವ ಬಡ್ಡಿ ಅಂತ ನೋಡಿದರೆ ಇದು ಸಂಘದ ಸಾಲಕ್ಕಿಂತ ದುಬಾರಿ. ಜೊತೆಗೆ ಡಿಸೆಂಬರ್‌ನ ಬಟವಾಡೆಯೇ ಕಡಿತವಾಗಿ ಬರುವುದರಿಂದ ಮುಂದಿನ ಮಳೆಗಾಲದ ಗಂಟು ಶುರುವಿನಲ್ಲೇ ಚಿಕ್ಕದಾಗುತ್ತದೆ. ಮುಂದಿನ ಜುಲೈನಲ್ಲಿ ಮತ್ತೆ ಮುಂಗಡ.

ಮುಂಗಡ ತರಲೇಬೇಕಾದರೆ ಇಬ್ಬರಲ್ಲಿ ಒಬ್ಬರ ಹೆಸರಿನಲ್ಲಿ ಮಾತ್ರ ತರುವುದು, ವಾರಕ್ಕೆ ಎಷ್ಟು ಮುರಿಯಬೇಕು ಅಂತ ಮೊದಲೇ ಮಾತಾಡಿ ಬರೆಸಿಕೊಳ್ಳುವುದು ಒಳ್ಳೆಯದು.

ಹೊಸ ಕಾನೂನು ಈ ಲೆಕ್ಕದಲ್ಲಿ ಎಲ್ಲಿ ಕೂರುತ್ತದೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. 2025-26ರಲ್ಲಿ ಕರ್ನಾಟಕದಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂ. ಇತ್ತು. ಆ ದರದಲ್ಲಿ ಹೆಚ್ಚುವರಿ 25 ದಿನ ಪೂರ್ತಿ ಸಿಕ್ಕರೂ 9,250 ರೂ. ಆದರೆ ಈ ದುಡ್ಡಿನ ಬೆಲೆ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ.

ಜನವರಿಯಲ್ಲಿ 600 ರೂ. ಸಿಗುವ ಕೊಯ್ಲು ಬಿಟ್ಟು 370ಕ್ಕೆ ಹೋದರೆ ದಿನಕ್ಕೆ 230 ನಷ್ಟ. ಆಗ 60 ದಿನ ಕೆಲಸ ನಿಲ್ಲಿಸಿದರೂ ಈ ಮನೆಗೆ ಏನೂ ಹೋಗುವುದಿಲ್ಲ. ದರ ಕೇಳುವ ಬಲದ ವಿಷಯ ಬೇರೆ, ಅದು ನಿಜವಾದ ಆತಂಕವೇ. ಅದೇ ಜೂನ್, ಜುಲೈ, ಆಗಸ್ಟ್‌ನಲ್ಲಿ ಈ ಮನೆಯವರಿಗೆ ತಿಂಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ದಿನ ಖಾಲಿ. ಆಗ 20 ದಿನದ ಕೆಲಸ ಸಿಕ್ಕರೆ 7,400 ರೂ. ಮಳೆಗಾಲದ ಕೊರತೆಯಲ್ಲಿ ಸುಮಾರು ಕಾಲು ಭಾಗ ಅಲ್ಲೇ ತುಂಬಿತು.

ಹಾಗಾಗಿ ಎಲ್ಲವೂ ಆ 60 ದಿನ ಯಾವಾಗ ಅನ್ನುವುದರ ಮೇಲೆ ನಿಂತಿದೆ. ಅದನ್ನು ತೀರ್ಮಾನಿಸುವುದು ರಾಜ್ಯ ಸರ್ಕಾರ. ಇಡೀ ರಾಜ್ಯಕ್ಕೆ ಒಂದೇ ದಿನಾಂಕ ಇರಬೇಕಿಲ್ಲ. ಆಯಾ ಪ್ರದೇಶದ ಹವೆ, ಬೆಳೆ ನೋಡಿ ಬೇರೆ ಬೇರೆ ಕಡೆಗೆ ಬೇರೆ ಬೇರೆ ಅವಧಿ ಗೊತ್ತುಮಾಡಲು ಕಾನೂನಿನಲ್ಲಿ ಅವಕಾಶ ಇದೆ. ನಮ್ಮ ಚಿಕ್ಕಮಗಳೂರು, ಹಾಸನ ಜಿಲ್ಲೆಗಳಿಗೆ ಇದು ತೀರಾ ಅಗತ್ಯ. ಅರಸೀಕೆರೆ, ಕಡೂರಿನ ಬಯಲು ಸೀಮೆಯಲ್ಲಿ ಮುಂಗಾರು ಬಿತ್ತನೆಗೆ ಆಳು ಬೇಕಾಗುವ ಹೊತ್ತಿನಲ್ಲೇ ಮೂಡಿಗೆರೆ, ಸಕಲೇಶಪುರದ ತೋಟದ ಕೂಲಿಯವರು ಕೆಲಸ ಇಲ್ಲದೆ ಕೂತಿರುತ್ತಾರೆ. ಬಯಲು ಸೀಮೆಗೆ ಸರಿಹೊಂದುವ ಜೂನ್, ಜುಲೈ ಬಿಡುವನ್ನೇ ಮಲೆನಾಡಿಗೂ ಹಾಕಿದರೆ, ಬಾಗಿಲು ಮುಚ್ಚುವುದು ಅದು ತೆರೆದಿರಬೇಕಾದ ತಿಂಗಳಲ್ಲೇ.

ಬಾಗಿಲು ತೆರೆದಿದ್ದರೂ ಇನ್ನೊಂದು ಅಡ್ಡಿ ಇದೆ. ಕೆರೆ ಹೂಳು, ಕಾಲುವೆ, ಬದು ಇಂಥ ಮಣ್ಣಿನ ಕೆಲಸವನ್ನು ಸುರಿಯುವ ಮಳೆಯಲ್ಲಿ ಮಾಡಲಾಗುವುದಿಲ್ಲ. ಮಲೆನಾಡಿನ ಪಂಚಾಯಿತಿಗಳಲ್ಲಿ ಮಳೆ ಬಿಡುವು ಕೊಟ್ಟ ದಿನಗಳಲ್ಲಿ ಮಾಡಬಹುದಾದ, ಗಿಡ ನೆಡುವಂಥ ಕೆಲಸವನ್ನು ಗ್ರಾಮಸಭೆಯಲ್ಲೇ ಕೇಳಿ ಪಟ್ಟಿಗೆ ಸೇರಿಸದಿದ್ದರೆ 125 ದಿನ ಸುಮ್ನೆ ಕಾಗದದಲ್ಲೇ ಉಳಿಯುತ್ತದೆ. ಆಗ ಈ ಮನೆಗೆ ದಾರಿ ಒಂದೇ, ಏಪ್ರಿಲ್ ಮತ್ತು ಮೇ ತಿಂಗಳ ಖಾಲಿ ದಿನಗಳಲ್ಲಿ ಕೆಲಸ ಕೇಳಿ ಆ ಕೂಲಿಯನ್ನು ನೇರ ಗಂಟಿಗೆ ಹಾಕುವುದು. ಕೆಲಸ ಕೇಳಿದ್ದಕ್ಕೆ ದಿನಾಂಕ ಇರುವ ಸ್ವೀಕೃತಿ ಪಡೆಯಬೇಕು. ಕೇಳಿ 15 ದಿನವಾದರೂ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ ಕೇಳಲು ಅದೇ ದಾಖಲೆ.

ಗಂಟಿಲ್ಲದೆ ಜೂನ್ ಬಂದಾಗ

ಈ ಲೆಕ್ಕವನ್ನು ಡಿಸೆಂಬರ್‌ನಲ್ಲಿ ಓದಿದವರಿಗೆ ದಾರಿ ಸುಲಭ. ಕೈ ಖಾಲಿ ಇಟ್ಟುಕೊಂಡು ಜೂನ್‌ನಲ್ಲಿ ನಿಂತವರು ಏನು ಮಾಡಬೇಕು?

ಮೊದಲು ಕೊರತೆ ಎಷ್ಟು ಅಂತ ಕೂಡಿ ಬರೆಯಬೇಕು. ನಮ್ಮ ಮನೆಗೆ ಅದು 30,200. ಇದರಲ್ಲಿ ಮುಂದೂಡಲು ಆಗುವುದು ಯಾವುದು? ಶಾಲೆಯ 8,000ದಲ್ಲಿ ಕೊಡೆ, ನೋಟ್‌ಬುಕ್ ಈಗಲೇ ಬೇಕು, ಬ್ಯಾಗು ಹೋದ ವರ್ಷದ್ದನ್ನೇ ಹೊಲಿಸಬಹುದು. ಅಲ್ಲಿ 3,000 ಉಳಿಯಿತು ಅಂದುಕೊಳ್ಳಿ. ಕಂತಿನ ವಿಷಯದಲ್ಲಿ, ತಪ್ಪಿದ ಮೇಲೆ ಏಜೆಂಟರು ಮನೆ ಬಾಗಿಲಿಗೆ ಬರುವವರೆಗೆ ಕಾಯದೆ, ಮೊದಲ ಕಂತು ತಪ್ಪುವ ಮುಂಚೆಯೇ ಕಂಪನಿಯ ಶಾಖೆಗೆ ಹೋಗಿ ಬರವಣಿಗೆಯಲ್ಲಿ ಅವಧಿ ಕೇಳಬೇಕು. ಒಪ್ಪಲೇಬೇಕು ಅಂತಿಲ್ಲ, ಆದರೆ ಮುಂಚೆ ಕೇಳಿದವರ ಮಾತಿಗೂ ತಪ್ಪಿಸಿದವರ ಮಾತಿಗೂ ತೂಕ ಬೇರೆ.

ಇಷ್ಟಾದ ಮೇಲೂ ಸಾಲ ಬೇಕಾದರೆ, ಸ್ತ್ರೀಶಕ್ತಿ ಸಂಘದ ಒಳಸಾಲ ಮೊದಲು. ಅಲ್ಲಿ ಬಡ್ಡಿ ಸಂಘಕ್ಕೇ ಸೇರುತ್ತದೆ, ಕಂತಿನ ದಿನವನ್ನು ಸದಸ್ಯರೇ ಕೂತು ಮಾತಾಡಬಹುದು. ಕೊರತೆ 27,200 ಇರುವಾಗ ಹೇಗೂ ಕೊಡುತ್ತಾರೆ ಅಂತ 50,000 ತರಬಾರದು. ಪೂರ್ತಿ 27,200ನ್ನೂ ಒಂದೇ ಸಲ ತರಬೇಕಿಲ್ಲ. ಜೂನ್‌ಗೆ ಬೇಕಾದಷ್ಟನ್ನು ಜೂನ್‌ನಲ್ಲಿ, ಜುಲೈಗೆ ಬೇಕಾದ್ದನ್ನು ಜುಲೈನಲ್ಲಿ. ಮಳೆ ಸ್ವಲ್ಪ ಬಿಡುವು ಕೊಟ್ಟು ನಾಲ್ಕು ದಿನ ಹಾಜರಿ ಜಾಸ್ತಿ ಸಿಕ್ಕರೆ, ಇಬ್ಬರ ದುಡಿಮೆ ಸೇರಿ ಆಗಸ್ಟ್‌ನ ಸಾಲ ಅಲ್ಲಿಗೇ 4,000 ಕಡಿಮೆ.

ತೀರಿಸುವ ದಿನವನ್ನು ಡಿಸೆಂಬರ್‌ನ ಎರಡನೇ ಬಟವಾಡೆಯಿಂದ ಶುರುಮಾಡಿ ಅಂತ ಕೇಳಿ. ಮೊದಲನೆಯದು ಬರುವ ಹೊತ್ತಿಗೆ ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಈ ಮನೆಯ ಹೆಸರು ಇರುತ್ತದೆ, ಅದು ಅಲ್ಲಿಗೆ ಹೋಗಲಿ.